‘ಸಿಕ್ಸ್ ಸೆವೆನ್’ ಅಂದ್ರೆ ಏನು ಮಿಸ್? ಪೋಷಕರಿಗೆ ಪತ್ರ ಬರೆಯುವ ಬಗೆ

ಗಣಿತದ ಟೀಚರ್ ಬೋರ್ಡಿನ ಮೇಲೆ ಉತ್ತರ ಬರೆಯುತ್ತಾರೆ: 67. ಆರನೇ ತರಗತಿಯ ಅರ್ಧ ಮಕ್ಕಳು ‘ಸಿಕ್ಸ್ ಸೆವೆನ್’ ಎಂದು ರಾಗವಾಗಿ ಕೂಗಿ, ಎರಡೂ ಅಂಗೈಗಳನ್ನು ತಕ್ಕಡಿಯ ತಟ್ಟೆಗಳಂತೆ ಮೇಲೆ ಕೆಳಗೆ ಆಡಿಸುತ್ತಾರೆ. ಉಳಿದರ್ಧ ಬಿದ್ದು ಬಿದ್ದು ನಗುತ್ತದೆ. ಟೀಚರಿಗೆ ತಲೆಬುಡ ಗೊತ್ತಾಗುವುದಿಲ್ಲ. ಸಂಜೆ ಮನೆಯಲ್ಲಿ ಇದೇ ನಾಟಕ ನೋಡುವ ಅಪ್ಪ ಅಮ್ಮನಿಗೂ ಅಷ್ಟೇ.

2025ರಲ್ಲಿ ಅಮೆರಿಕದ ಶಿಕ್ಷಕರಿಗೆ ದಿನದ ತಲೆನೋವಾಗಿದ್ದ ಈ ಕೂಗು ರೀಲ್ಸ್, ಶಾರ್ಟ್ಸ್‌ಗಳ ಬೆನ್ನೇರಿ ಇಲ್ಲಿಗೂ ಬಂದಿದೆ. ಇಂಥ ಮಾತುಗಳನ್ನು ಪೋಷಕರಿಗೆ ತಿಳಿಸಲು ಪತ್ರ ಬರೆಯಹೊರಟ ಶಿಕ್ಷಕರು ಎಡವುವುದು ಒಂದೇ ಕಡೆ: ಪತ್ರವನ್ನು ನಿಘಂಟು ಮಾಡಿಬಿಡುತ್ತಾರೆ. ಮೂವತ್ತು ಪದಗಳ ಪಟ್ಟಿಯನ್ನು ಯಾರೂ ಓದುವುದಿಲ್ಲ. ನಕ್ಕು ಸುಮ್ಮನಾಗಬೇಕೋ, ಕೂರಿಸಿ ಮಾತಾಡಬೇಕೋ, ಶಾಲೆಗೆ ಫೋನ್ ಮಾಡಬೇಕೋ ಎಂಬುದಷ್ಟೇ ಪೋಷಕರಿಗೆ ಬೇಕು.

ಮೊದಲ ಕೆಲಸ, ಒಂದು ವಾರ ಕಿವಿ ತೆರೆದಿಡುವುದು. ನೋಟ್‌ಬುಕ್ಕಿನಲ್ಲಿ ಪದದ ಜೊತೆಗೆ ಅದನ್ನು ಯಾರ ಕಡೆ ತಿರುಗಿ ಹೇಳಿದರು, ಕೇಳಿಸಿಕೊಂಡ ಮಗುವಿನ ಮುಖ ಹೇಗಾಯಿತು ಎನ್ನುವುದನ್ನೂ ಗುರುತು ಹಾಕಿಕೊಳ್ಳಬೇಕು. ಇದನ್ನು ಬಿಟ್ಟರೆ ಮುಂದಿನದೆಲ್ಲ ಊಹೆಯಾಗುತ್ತದೆ.

ಆಮೇಲೆ ಮಕ್ಕಳನ್ನೇ ಕೇಳುವುದು. ‘ಇದನ್ನ ನಿಮ್ಮಜ್ಜಿಗೆ ಹೇಗೆ ಹೇಳ್ತೀರ?’ ಎಂದರೆ ಸಾಕು, ಒಳ್ಳೆಯ ಕನ್ನಡ ಹೊರಬರುತ್ತದೆ. ‘ಕ್ಯಾಪ್’ ಎಂದರೆ ಸುಳ್ಳು. ಹಿಂದೆ ‘ಕಾಗೆ ಹಾರಿಸಬೇಡ’ ಎನ್ನುತ್ತಿದ್ದ ಜಾಗದಲ್ಲೇ ಅದು ಬಂದು ಕೂತಿದೆ. ‘ರಿಜ್’ ಎಂದರೆ ಮಾತಿನಲ್ಲೇ ಮರುಳು ಮಾಡುವ ಮೋಡಿ. 2023ರಲ್ಲಿ ಆಕ್ಸ್‌ಫರ್ಡ್ ಇದನ್ನೇ ವರ್ಷದ ಪದವೆಂದು ಆರಿಸಿತ್ತು. ಒಬ್ಬರ ಉತ್ತರ ನಂಬದೆ ಮೂವರನ್ನು ಕೇಳಬೇಕು. ಮೂವರೂ ಬೇರೆ ಬೇರೆ ಹೇಳಿದರೆ ಆ ಪದಕ್ಕೆ ಗಟ್ಟಿ ಅರ್ಥವಿಲ್ಲವೆಂದೇ ಲೆಕ್ಕ.

‘ಸಿಕ್ಸ್ ಸೆವೆನ್’ ಅಂಥದ್ದೇ. ಸ್ಕ್ರಿಲ್ಲಾ ಎಂಬ ಅಮೆರಿಕನ್ ರ‍್ಯಾಪರ್‌ನ ಹಾಡಿನಲ್ಲಿ ಈ ಸಂಖ್ಯೆ ಬಂತು. ಅದರ ತುಣುಕನ್ನು ಬ್ಯಾಸ್ಕೆಟ್‌ಬಾಲ್ ವಿಡಿಯೊಗಳಿಗೆ, ಅದರಲ್ಲೂ ಆರು ಅಡಿ ಏಳು ಇಂಚು ಎತ್ತರದ ಆಟಗಾರ ಲಮೆಲೊ ಬಾಲ್‌ನ ವಿಡಿಯೊಗಳಿಗೆ ಅಂಟಿಸಿದರು. ಪಂದ್ಯವೊಂದರಲ್ಲಿ ಹುಡುಗನೊಬ್ಬ ಕ್ಯಾಮೆರಾ ಮುಂದೆ ಕೂಗಿದ್ದು ಎಲ್ಲೆಡೆ ಹಬ್ಬಿತು. ಡಿಕ್ಷನರಿ ಡಾಟ್ ಕಾಮ್ 2025ರ ಪದವಾಗಿ ಇದನ್ನೇ ಆರಿಸಿತು, ಅರ್ಥ ಇಂಥದ್ದೇ ಎಂದು ಹೇಳಲಾಗದಿದ್ದರೂ. ದೊಡ್ಡವರಿಗೆ ತಿಳಿಯದೆ ನಮಗೆ ಮಾತ್ರ ಗೊತ್ತು ಎನ್ನುವುದೇ ಮಕ್ಕಳಿಗೆ ಇದರ ಮಜಾ. ಮೂಲ ಹಾಡು ಮಕ್ಕಳಿಗೆ ತಕ್ಕದ್ದಲ್ಲ. ‘ಯೂಟ್ಯೂಬಲ್ಲಿ ಹುಡುಕಿ ನೋಡಿ’ ಎಂದು ಪತ್ರದಲ್ಲಿ ಬರೆಯಬಾರದು.

ಮೂರನೆಯದು ವಿಂಗಡಣೆ, ಪತ್ರದ ಜೀವವೇ ಇದು. ‘ಸಿಕ್ಸ್ ಸೆವೆನ್’, ‘ಸ್ಕಿಬಿಡಿ’ ಬರೀ ಗದ್ದಲದ ಗುಂಪಿನವು. ‘ಎನ್‌ಪಿಸಿ’ ಹಾಗಲ್ಲ. ವಿಡಿಯೊ ಗೇಮಿನಲ್ಲಿ ಯಾರೂ ಆಡಿಸದ, ಹಿನ್ನೆಲೆಯಲ್ಲಿ ಸುಮ್ಮನೆ ಓಡಾಡುವ ಪಾತ್ರಕ್ಕಿರುವ ಹೆಸರು ಅದು. ಗೆಳೆಯರು ಪರಸ್ಪರ ಅಂದುಕೊಂಡರೆ ತಮಾಷೆ. ದಿನವೂ ಒಂದೇ ಮಗುವಿಗೆ ಅಂದರೆ ‘ನೀನು ಲೆಕ್ಕಕ್ಕಿಲ್ಲ’ ಎಂದ ಹಾಗೆ. ಮೊದಲ ವಾರದ ಟಿಪ್ಪಣಿ ಕೆಲಸಕ್ಕೆ ಬರುವುದು ಇಲ್ಲೇ. ಮೂರನೇ ಗುಂಪಿನಲ್ಲಿ ‘ಅನ್‌ಅಲೈವ್’. ಸಾವು, ಆತ್ಮಹತ್ಯೆ ಎಂಬ ಪದ ಬಳಸಿದರೆ ವಿಡಿಯೊಗೆ ಕತ್ತರಿ ಬೀಳುತ್ತದೆಂಬ ಭಯದಲ್ಲಿ ಹುಟ್ಟಿದ ಮರೆಮಾತು. ‘ಕೆವೈಎಸ್’ ಇನ್ನೂ ನೇರ: ‘ಹೋಗಿ ಸಾಯಿ’.

ಬರೆಯುವಾಗ ಪ್ರತಿ ಪದಕ್ಕೆ ಒಂದರಿಂದ ಮೂರು ವಾಕ್ಯ, ಒಟ್ಟು ಒಂದು ಪುಟ. ಮಾದರಿ ಹೀಗಿರಬಹುದು:

‘ಪ್ರಿಯ ಪೋಷಕರೇ, ನಿಮ್ಮ ಮಗು ಸಿಕ್ಸ್ ಸೆವೆನ್ ಎಂದು ಕೂಗಿದರೆ ಗಾಬರಿ ಬೇಡ, ಅದಕ್ಕೆ ಕೆಟ್ಟ ಅರ್ಥವಿಲ್ಲ. ಪಾಠದ ನಡುವೆ ಮಾತ್ರ ಬೇಡವೆಂದು ತರಗತಿಯಲ್ಲಿ ಹೇಳಿದ್ದೇವೆ. ಎನ್‌ಪಿಸಿ ಎಂಬ ಮಾತು ಕೇಳಿಸಿದರೆ, ಯಾರಿಗೆ ಅಂದದ್ದು ಎಂದು ಮೆಲ್ಲಗೆ ವಿಚಾರಿಸಿ. ಅನ್‌ಅಲೈವ್ ಎಂಬ ಪದವನ್ನು ಮಗು ತನ್ನ ಬಗ್ಗೆಯೇ ಬಳಸಿದರೆ ತಮಾಷೆ ಎಂದು ಬಿಡಬೇಡಿ. ಅವತ್ತೇ ಜೊತೆಗೆ ಕೂತು ಮಾತಾಡಿ, ನಮಗೂ ತಿಳಿಸಿ. ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416 ಹಗಲಿರುಳೂ ಸಿಗುತ್ತದೆ.’

ಯಾವ ಮಗುವಿನ ಹೆಸರೂ ಪತ್ರದಲ್ಲಿ ಬರಬಾರದು. ‘ಹಿಂದಿನ ಬೆಂಚಿನ ಹುಡುಗರು’ ಎಂದರೂ ವಾಟ್ಸ್‌ಆ್ಯಪ್ ಗುಂಪಿನಲ್ಲಿ ಐದು ನಿಮಿಷಕ್ಕೆ ಹೆಸರು ಪತ್ತೆಯಾಗುತ್ತದೆ. ಫೋನ್ ಕಸಿದುಕೊಳ್ಳಿ ಎಂಬ ಸಲಹೆಯೂ ಬೇಡ. ಹಾಗೆ ಮಾಡಿದರೆ ಮುಂದಿನ ಪದ ದೊಡ್ಡವರ ಕಿವಿಗೆ ಬೀಳುವುದೇ ಇಲ್ಲ.

ಪತ್ರದ ಮೇಲೆ ದಿನಾಂಕ ಹಾಕುವುದನ್ನು ಮರೆಯಬೇಡಿ. ಇಂಥ ಎಷ್ಟೋ ಪದಗಳ ಆಯಸ್ಸು ಕೆಲವೇ ತಿಂಗಳು, ಟೀಚರೇ ‘ಸಿಕ್ಸ್ ಸೆವೆನ್’ ಎಂದು ಕೈಯಾಡಿಸಿದರೆ ಇನ್ನೂ ಕಡಿಮೆ.