ನಿವೇಶನ ಕೊಳ್ಳುವ ಮುನ್ನ ನೆಲದ ಪರೀಕ್ಷೆ

ಹೊಸ ಮನೆಯ ಗೋಡೆ ಬಿರುಕು ಬಿಟ್ಟರೆ ಜನರು ಮೊದಲು ದೂರುವುದು ಮೇಸ್ತ್ರಿಯನ್ನು. ಆದರೆ ಅನೇಕ ವೇಳೆ ತಪ್ಪು ಗೋಡೆಯದಾಗಿರುವುದಿಲ್ಲ; ಅದು ನಿಂತ ನೆಲದ್ದಾಗಿರುತ್ತದೆ. ಒಂದು ಕುಟುಂಬವು ಹತ್ತಾರು ವರ್ಷ ಕೂಡಿಟ್ಟ ಹಣವನ್ನು ಸುರಿಯುವ ಮೊದಲು ಆ ನೆಲವನ್ನು ಪರೀಕ್ಷಿಸುವುದು ಹೇಗೆ? ಇದಕ್ಕೆ ಬೇಕಾದ ಸಾಧನಗಳು ಅಳತೆಪಟ್ಟಿ, ನೀರು ತುಂಬಿದ ಪಾರದರ್ಶಕ ಕೊಳವೆ, ಗುದ್ದಲಿ ಮತ್ತು ಹಾರೆ. ಇವುಗಳೊಡನೆ ಪ್ರೌಢಶಾಲೆಯಲ್ಲಿ ಕಲಿತ ಸ್ವಲ್ಪ ರೇಖಾಗಣಿತ.

ಒಂದು ಉದಾಹರಣೆಯನ್ನು ತೆಗೆದುಕೊಳ್ಳೋಣ. ಊರಿನ ಹೊರಗೆ, ಕೆರೆಯೊಂದಕ್ಕೆ ನೀರು ಹರಿಯುವ ಹಳ್ಳದ ಸಮೀಪದಲ್ಲಿ, 30 ಅಡಿ ಅಗಲ ಮತ್ತು 40 ಅಡಿ ಉದ್ದದ ನಿವೇಶನವೊಂದು ಮಾರಾಟಕ್ಕಿದೆಯೆಂದು ಭಾವಿಸಿರಿ. ಮುಂದಿನ ಬದಿಗೆ ದಾರಿ, ಹಿಂದಿನ ಬದಿಗೆ ಹಳ್ಳ. ನೆಲವು ನೋಟಕ್ಕೆ ಸಮತಟ್ಟಾಗಿದೆ; ನಾಲ್ಕು ಮೂಲೆಗಳಲ್ಲೂ ಕಲ್ಲು ನೆಟ್ಟಿದೆ. ತಿಂಗಳು ಏಪ್ರಿಲ್.

ಮೊದಲು ಎಲ್ಲೆಗಳನ್ನು ನೋಡಬೇಕು. ಅಳೆದಾಗ ನಾಲ್ಕು ಬದಿಗಳೂ ಸರಿಯಾಗಿ 30 ಮತ್ತು 40 ಅಡಿಗಳಿವೆ. ಕೊಳ್ಳುವವರು ಇಷ್ಟಕ್ಕೇ ತೃಪ್ತರಾಗಬಾರದು, ಕರ್ಣಗಳನ್ನೂ ಅಳೆಯಬೇಕು. ಮೂಲೆಗಳು ಲಂಬಕೋನಗಳಾಗಿದ್ದರೆ, ಪೈಥಾಗೊರಸನ ಪ್ರಮೇಯದಂತೆ ಎರಡು ಕರ್ಣಗಳೂ 50 ಅಡಿ ಇರಬೇಕು. ಇಲ್ಲಿ ಒಂದು ಕರ್ಣ 48 ಅಡಿ, ಇನ್ನೊಂದು ಸುಮಾರು 52 ಅಡಿ. ಅಂದರೆ ಈ ಆಕೃತಿ ಆಯತವಲ್ಲ, ಓರೆಯಾದ ಸಮಾಂತರ ಚತುರ್ಭುಜ. ವಿಸ್ತೀರ್ಣದಲ್ಲಿ ನಷ್ಟವು ಕೇವಲ ನಾಲ್ಕು ಚದರಡಿಯಷ್ಟು. ಆದರೆ ದಾರಿಯ ಅಂಚಿಗೆ ಲಂಬವಾಗಿ 40 ಅಡಿಯ ಗೋಡೆಗಳನ್ನು ಎಬ್ಬಿಸಿದರೆ, ಹಿಂದಿನ ತುದಿಯಲ್ಲಿ ಒಂದು ಗೋಡೆ ಮೂರಡಿಗಿಂತ ಹೆಚ್ಚಾಗಿ ನೆರೆಯವರ ನೆಲದೊಳಕ್ಕೆ ಹೋಗುತ್ತದೆ.

ಹಾಗಾದರೆ ಯಾವ ಕಲ್ಲು ಸರಿದಿದೆ? ಇದನ್ನು ಕಲ್ಲುಗಳೇ ಹೇಳಲಾರವು. ನಕ್ಷೆಯಲ್ಲಿ ಗುರುತಿಸಿದ, ನಿವೇಶನದ ಹೊರಗಿರುವ ಹಳೆಯ ಬಾಂದು ಕಲ್ಲುಗಳಿಂದ ಅಳೆದುಕೊಂಡು ಬಂದರೆ ಮಾತ್ರ ಅದು ನಿರ್ಧಾರವಾಗುತ್ತದೆ. ಸರ್ವೆ ನಂಬರಿನ ಎಲ್ಲೆಯಲ್ಲಿ ವಿವಾದವಿದ್ದರೆ, ಮಾರುವವರಿಂದ ಹದ್ದುಬಸ್ತಿಗೆ ಅರ್ಜಿ ಹಾಕಿಸಿ, ನೆರೆಯವರ ಸಮಕ್ಷಮದಲ್ಲಿ ಭೂಮಾಪಕರಿಂದ ಎಲ್ಲೆಯನ್ನು ಗುರುತು ಮಾಡಿಸಬೇಕು. ಜೇಬಿನ ದೂರವಾಣಿ ತೋರಿಸುವ ಸ್ಥಾನವು ಕೆಲವು ಮೀಟರುಗಳಷ್ಟು ತಪ್ಪಬಹುದಾದುದರಿಂದ ಮೂರಡಿಯ ವ್ಯಾಜ್ಯಕ್ಕೆ ಅದು ಪ್ರಮಾಣವಾಗದು.

ಎರಡನೆಯದು ಇಳಿಜಾರು. ಕೊಳವೆಯಲ್ಲಿ ಗಾಳಿಯ ಗುಳ್ಳೆ ಉಳಿಯದಂತೆ ನೀರು ತುಂಬಿ, ಒಂದು ತುದಿಯನ್ನು ಮುಂದಿನ ಮೂಲೆಯಲ್ಲಿಯೂ ಇನ್ನೊಂದನ್ನು ಹಿಂದಿನ ಮೂಲೆಯಲ್ಲಿಯೂ ಎತ್ತಿ ಹಿಡಿಯಬೇಕು. ಎರಡು ತುದಿಗಳಲ್ಲೂ ನೀರು ಒಂದೇ ಮಟ್ಟದಲ್ಲಿ ನಿಲ್ಲುತ್ತದೆ. ಮುಂದೆ ನೆಲದಿಂದ ನೀರಿಗೆ 2 ಅಡಿ 6 ಅಂಗುಲ, ಹಿಂದೆ 2 ಅಡಿ 10 ಅಂಗುಲ ಬಂದಿತೆನ್ನೋಣ. ಅಳತೆ ಹೆಚ್ಚು ಬಂದ ಕಡೆ ನೆಲ ತಗ್ಗು. ಆದುದರಿಂದ ಹಿಂಬದಿಯು ಮುಂಬದಿಗಿಂತ 4 ಅಂಗುಲ ತಗ್ಗಾಗಿದೆ. 40 ಅಡಿಗೆ ಇದು ಅತ್ಯಲ್ಪ. ಆದರೆ ಪಕ್ಕದ, ಯಾರೂ ಮುಟ್ಟದ ಬಯಲು ಹಳ್ಳದ ಕಡೆಗೆ ಚೆನ್ನಾಗಿ ಇಳಿದಿದೆ. ಸುತ್ತಲಿನ ನೆಲ ಇಳಿಯುತ್ತಿರುವಾಗ ಇದೊಂದೇ ಸಮತಟ್ಟಾಗಿದ್ದರೆ, ಇಲ್ಲಿ ಹೊರಗಿನಿಂದ ಮಣ್ಣು ತುಂಬಿರಬೇಕೆಂದು ಸಂದೇಹಪಡಬೇಕು.

ಸಂದೇಹವನ್ನು ಗುದ್ದಲಿಯೇ ಪರಿಹರಿಸುತ್ತದೆ. ಮಾರುವವರ ಒಪ್ಪಿಗೆ ಪಡೆದು ಮುಂದೊಂದು, ಹಿಂದೊಂದು ಗುಂಡಿ ತೋಡಿಸಬೇಕು. ಮೂಲ ನೆಲವು ಒಂದೇ ಬಣ್ಣದ್ದಾಗಿ ಬಿಗಿಯಾಗಿರುತ್ತದೆ. ಹಳೆಯ ಬೇರುಗಳ ಸಣ್ಣ ರಂಧ್ರಗಳು ಅದರಲ್ಲಿ ಕಾಣುತ್ತವೆ. ತುಂಬಿದ ಮಣ್ಣಿನಲ್ಲಿ ಇಟ್ಟಿಗೆಯ ಚೂರು, ಬೂದಿ, ಪ್ಲಾಸ್ಟಿಕ್ ಹಾಳೆ ಬೆರೆತಿರುತ್ತವೆ. ಹಾರೆ ಸುಲಭವಾಗಿ ಇಳಿಯುತ್ತದೆ. ನಮ್ಮ ನಿವೇಶನದಲ್ಲಿ ಮುಂದೆ 1 ಅಡಿ ಆಳದಲ್ಲಿಯೇ ಗಟ್ಟಿಯಾದ ಕೆಂಪು ಗೊಚ್ಚು ಸಿಕ್ಕಿತು. ಹಿಂದೆ 4 ಅಡಿಯವರೆಗೆ ತುಂಬಿದ ಮಣ್ಣು, ಅದರ ಕೆಳಗೆ ಕಪ್ಪು ಜೇಡಿ.

ಈಗ ಮೂಲ ನೆಲದ ಇಳಿಜಾರನ್ನು ಲೆಕ್ಕ ಹಾಕಬಹುದು. ಮಣ್ಣಿನ ದಪ್ಪದ ವ್ಯತ್ಯಾಸ 3 ಅಡಿ, ಮೇಲ್ಮೈಯ ಇಳಿತ 4 ಅಂಗುಲ. ಒಟ್ಟು 3 ಅಡಿ 4 ಅಂಗುಲ. 40 ಅಡಿಗೆ ಇಷ್ಟೆಂದರೆ 12ಕ್ಕೆ 1ರಂತೆ ಇಳಿಜಾರು. ತುಂಬಿರುವ ಮಣ್ಣು ಸರಾಸರಿ ಎರಡೂವರೆ ಅಡಿಯಂತೆ ಸುಮಾರು 3000 ಘನ ಅಡಿ. ಇದರ ಮೇಲೆಯೇ ತಳಪಾಯ ಹಾಕಿದರೆ ಮನೆಯ ಮುಂಭಾಗ ಗೊಚ್ಚಿನ ಮೇಲೆ ಅಲುಗದೆ ನಿಲ್ಲುತ್ತದೆ, ಹಿಂಭಾಗ ವರ್ಷವರ್ಷಕ್ಕೂ ಕುಸಿಯುತ್ತದೆ. ಇಡೀ ಮನೆ ಸಮನಾಗಿ ಕುಸಿದರೆ ಅಪಾಯ ಕಡಿಮೆ. ಒಂದು ಭಾಗ ನಿಂತು ಇನ್ನೊಂದು ಇಳಿದಾಗಲೇ ಗೋಡೆಯಲ್ಲಿ ಓರೆಯಾದ ಬಿರುಕು ಮೂಡುತ್ತದೆ.

ಈ ಬಗೆಯ ಪರೀಕ್ಷೆ ನಮ್ಮಲ್ಲಿ ಹೊಸದಲ್ಲ. ವರಾಹಮಿಹಿರನ ಬೃಹತ್ಸಂಹಿತೆಯಲ್ಲಿ, ಒಂದು ಮೊಳದ ಗುಂಡಿ ತೋಡಿ ಅದೇ ಮಣ್ಣಿನಿಂದ ಮತ್ತೆ ತುಂಬಬೇಕೆಂದೂ, ಮಣ್ಣು ಮಿಕ್ಕರೆ ನೆಲ ಉತ್ತಮವೆಂದೂ, ಸಾಲದೆ ಹೋದರೆ ಅಧಮವೆಂದೂ ಹೇಳಿದೆ. ಇದರಲ್ಲಿ ಭೌತಿಕ ಸತ್ಯವಿದೆ: ಬಿಗಿಯಾದ ಮಣ್ಣು ಅಗೆದಾಗ ಉಬ್ಬುತ್ತದೆ, ಸಡಿಲವಾದುದು ಮತ್ತೆ ತುಂಬುವಾಗ ಅಡಕವಾಗುತ್ತದೆ. ಆದರೆ ಒಂದು ಮೊಳದ ಗುಂಡಿ ಒಂದು ಮೊಳದ ಸಂಗತಿಯನ್ನಷ್ಟೇ ತಿಳಿಸುತ್ತದೆ. ನಾಲ್ಕಡಿಯ ತುಂಬುಮಣ್ಣಿನ ಕೆಳಗಿರುವುದು ಅದಕ್ಕೆ ಕಾಣದು.

ಹಿಂದಿನ ಗುಂಡಿಯನ್ನು 6 ಅಡಿಗೆ ಇಳಿಸಿ ಒಂದು ರಾತ್ರಿ ಬಿಟ್ಟಾಗ, ಬೆಳಗ್ಗೆ ಅದರಲ್ಲಿ ನೀರು ನಿಂತಿದೆ. ನೆಲದಿಂದ ನೀರಿಗೆ 5 ಅಡಿ. ಇದೇ ಅಂತರ್ಜಲದ ಮಟ್ಟ. ಆದರೆ ಏಪ್ರಿಲಿನಲ್ಲಿ ನಮ್ಮ ಕಡೆ ಈ ಮಟ್ಟವು ಬಹಳ ತಗ್ಗಿರುತ್ತದೆ. ಮಳೆಗಾಲ ಮುಗಿಯುವ ವೇಳೆಗೆ ಏರಿರುತ್ತದೆ. ಎಷ್ಟು ಏರುತ್ತದೆಂಬುದನ್ನು ಹತ್ತಿರದ ತೆರೆದ ಬಾವಿಯಿಂದ ಊಹಿಸಬಹುದು. ಬಾವಿಯ ಗೋಡೆಯ ಮೇಲೆ ಈಗಿನ ನೀರಿಗಿಂತ 3 ಅಡಿ ಎತ್ತರದಲ್ಲಿ ಕಲೆಯ ಗೆರೆಯಿದ್ದರೆ, ನಮ್ಮ ನಿವೇಶನದಲ್ಲಿಯೂ ನೀರು ಸುಮಾರು 2 ಅಡಿ ಆಳದವರೆಗೆ ಏರಬಹುದು. ಅಂದರೆ ಅದು ತುಂಬಿದ ಮಣ್ಣನ್ನೇ ಹೊಕ್ಕು ಅದನ್ನು ಇನ್ನಷ್ಟು ಕುಗ್ಗಿಸುತ್ತದೆ. ಶೌಚದ ಇಂಗುಗುಂಡಿ ಇಂಗದೆ ಉಕ್ಕುತ್ತದೆ. ಬರಿದಾದ ನೆಲತೊಟ್ಟಿಯನ್ನು ನೀರು ಕೆಳಗಿನಿಂದ ಮೇಲಕ್ಕೆ ತಳ್ಳುತ್ತದೆ. ನೆರೆಮನೆಯ ಕೊಳವೆಬಾವಿ ನೂರಾರು ಅಡಿ ಆಳವಿದೆಯೆಂದು ಧೈರ್ಯಗೊಳ್ಳಬಾರದು. ಅದು ಕೆಳಗಿನ ಬಂಡೆಯ ಬಿರುಕುಗಳ ನೀರು, ಮೇಲುಮಣ್ಣಿನ ನೀರಲ್ಲ.

ಕೊನೆಯದು ದಾರಿ. ಚಕ್ರದ ಜಾಡು ಇದ್ದ ಮಾತ್ರಕ್ಕೆ ದಾರಿಯಿದೆಯೆಂದಲ್ಲ. ಗ್ರಾಮನಕ್ಷೆಯಲ್ಲಿ ದಾರಿಯ ಗೆರೆಗಳು ನಿವೇಶನದವರೆಗೂ ಬರುತ್ತವೆಯೇ, ಇಲ್ಲವೆ ಕೊನೆಯ ಕೆಲವು ಮಾರು ಬೇರೊಬ್ಬರ ಹೊಲದಲ್ಲಿ ಹಾಯುತ್ತವೆಯೇ ಎಂಬುದನ್ನು ನೋಡಬೇಕು. ಹೊಲದಲ್ಲಿ ಹಾಯುವುದಾದರೆ, ಆ ಒಡೆಯನು ನಾಳೆ ಬೇಲಿ ಹಾಕಿದಾಗ ಇಟ್ಟಿಗೆಯ ಗಾಡಿ ಅಲ್ಲಿಯೇ ನಿಲ್ಲುತ್ತದೆ. ಕ್ರಯಪತ್ರದ ಚೆಕ್ಕುಬಂದಿಯಲ್ಲಿ ಆ ಬದಿಗೆ ‘ರಸ್ತೆ’ ಎಂದು ಬರೆದಿರಬೇಕು; ಆ ರಸ್ತೆ ಸಾರ್ವಜನಿಕವೆಂದು ನಕ್ಷೆಯೂ ಒಪ್ಪಬೇಕು.

ಈ ನಿವೇಶನವನ್ನು ಕೊಳ್ಳಲೇಬಾರದೆಂದೇನೂ ಇಲ್ಲ. ಆದರೆ ಕೊಳ್ಳುವವರು ಎಲ್ಲೆಯನ್ನು ಮೊದಲೇ ಸರಿಪಡಿಸಿಕೊಳ್ಳಬೇಕು. ಹಿಂಬದಿಯ ಕಪ್ಪು ಜೇಡಿಯು ನೆನೆದಾಗ ಉಬ್ಬಿ ಒಣಗಿದಾಗ ಕುಗ್ಗುವಂಥದಾದುದರಿಂದ, ತಳಪಾಯವನ್ನು ಎಂಜಿನಿಯರರ ಸಲಹೆಯಂತೆ ಅದರಿಂದಲೂ ಕೆಳಗೆ, ಗಟ್ಟಿ ನೆಲಕ್ಕೆ ಇಳಿಸಬೇಕಾಗುತ್ತದೆ. ಆ ಖರ್ಚನ್ನು ನಿವೇಶನದ ಬೆಲೆಗೆ ಕೂಡಿಸಿ ನೋಡಿದಾಗ, ಅಗ್ಗವಾಗಿ ತೋರಿದ ನೆಲವು ನಿಜವಾಗಿ ಅಗ್ಗವೇ ಎಂಬುದು ತಿಳಿಯುತ್ತದೆ.