ಗಾಯದ ಚಾರ್ಟ್: ದಿನ ಎಣಿಸಿ, ಆದರೆ ಬಣ್ಣ ನೋಡಿ

ಜಿಎನ್‌ಎಂ ಪರೀಕ್ಷೆಯಲ್ಲಿ ಗಾಯ ಮಾಯುವ ಹಂತಗಳನ್ನು ದಿನದ ಲೆಕ್ಕದಲ್ಲಿ ಬರೆದರೆ ಅಂಕ ಸಿಗುತ್ತದೆ. ವಾರ್ಡಿನಲ್ಲಿರುವ ಗಾಯ ಮಾತ್ರ ಆ ಪಾಠ ಓದಿಕೊಂಡಿರುವುದಿಲ್ಲ.

ಮೊದಲು ಪರೀಕ್ಷೆಗೆ ಬೇಕಾದದ್ದು. ರಕ್ತ ಹೆಪ್ಪುಗಟ್ಟುವುದು ಕೆಲವೇ ನಿಮಿಷಗಳ ಕೆಲಸ. ನಂತರ ಉರಿಯೂತ, ಸುಮಾರು 4 ದಿನ. ಆಗ ಅಂಚು ಸ್ವಲ್ಪ ಕೆಂಪಗೆ, ಬಿಸಿಯಾಗಿ ಇದ್ದ ಮಾತ್ರಕ್ಕೆ ಸೋಂಕು ಎನ್ನಬೇಡಿ. ಅಲ್ಲಿಂದ ಸುಮಾರು 21ನೇ ದಿನದವರೆಗೆ ಹೊಸ ಮಾಂಸ ತುಂಬುತ್ತದೆ. ಕೊನೆಗೆ ಕಲೆ ಗಟ್ಟಿಯಾಗುತ್ತದೆ. ಇದಕ್ಕೆ ವರ್ಷವೇ ಹಿಡಿದರೂ ಮೊದಲಿನ ಚರ್ಮದ ಬಲದಲ್ಲಿ ಸುಮಾರು 80% ಮಾತ್ರ ಮರಳುತ್ತದೆ.

ಆದರೆ ಹಾಸಿಗೆ ಹುಣ್ಣು ಉರಿಯೂತದ ಹಂತದಲ್ಲೇ ತಿಂಗಳುಗಟ್ಟಲೆ ನಿಂತುಬಿಡಬಹುದು. ಹಾಗಾಗಿ ಡ್ರೆಸ್ಸಿಂಗ್ ಆರಿಸಲು ಬೇರೆಯೇ ಚಾರ್ಟ್ ಬೇಕು:

| ಕಾಣುವುದು | ಮಾಡಬೇಕಾದದ್ದು | ಡ್ರೆಸ್ಸಿಂಗ್ |
|---|---|---|
| ಕಪ್ಪು, ಒಣ | ಮೆತ್ತಗೆ ಮಾಡು | ಹೈಡ್ರೋಜೆಲ್ |
| ಹಳದಿ, ರಸ ಹೆಚ್ಚು | ಹೀರಿಕೊ | ಆಲ್ಜಿನೇಟ್, ಮೇಲೆ ಫೋಮ್ |
| ಕೆಂಪು, ರಸ ಕಡಿಮೆ | ತೇವ ಉಳಿಸು | ಹೈಡ್ರೊಕೊಲಾಯ್ಡ್ ಅಥವಾ ಪ್ಯಾರಾಫಿನ್ ಗಾಜ್ |
| ತಿಳಿಗುಲಾಬಿ | ಹೊಸ ಚರ್ಮ ಕಾಪಾಡು | ಅಂಟದ ಗಾಜ್ ಅಥವಾ ಫಿಲ್ಮ್ |

ಮೊದಲ ಸಾಲಿಗೆ ಕೆಂಪು ಶಾಯಿಯಲ್ಲಿ ಒಂದು ಅಪವಾದ ಬರೆದುಕೊಳ್ಳಿ. ರಕ್ತ ಸಂಚಾರ ಕಡಿಮೆಯಿರುವ ಪಾದದ ಹಿಮ್ಮಡಿಯಲ್ಲಿ ಕಪ್ಪು ಹಕ್ಕಳೆ ಒಣಗಿ ಗಟ್ಟಿಯಾಗಿದ್ದರೆ ಅದನ್ನು ಒದ್ದೆ ಮಾಡಬಾರದು. ಒಣಗಿರುವಂತೆಯೇ ಬಿಟ್ಟು ವೈದ್ಯರಿಗೆ ತೋರಿಸಬೇಕು.

ಈಗ ಚಾರ್ಟನ್ನು ಒಂದು ಗಾಯದ ಮೇಲಿಟ್ಟು ನೋಡೋಣ. ಹಾಸಿಗೆ ಹಿಡಿದ ಅಜ್ಜಿಯೊಬ್ಬರ ಸೊಂಟದ ಕೆಳಗೆ 5×4 ಸೆಂ.ಮೀ. ಹುಣ್ಣು ಎಂದುಕೊಳ್ಳಿ. ಬೆಳಿಗ್ಗೆ ಹಾಕಿದ ಗಾಜ್ ಮಧ್ಯಾಹ್ನಕ್ಕೇ ತೊಯ್ದಿದೆ. ತಳದಲ್ಲಿ ಹಳದಿ ಸ್ಲಫ್, ಸುತ್ತಲಿನ ಚರ್ಮ ಬಹಳ ಹೊತ್ತು ನೀರಿನಲ್ಲಿ ನೆನೆದ ಬೆರಳಿನಂತೆ ಬೆಳ್ಳಗಾಗಿದೆ. ರಸ ಹೀರಲು ಈಗಿನ ಡ್ರೆಸ್ಸಿಂಗ್ ಸಾಲದು ಎಂಬುದಕ್ಕೆ ಆ ಬಿಳುಪೇ ಸಾಕ್ಷಿ. ನಾರ್ಮಲ್ ಸಲೈನಿನಿಂದ ತೊಳೆದು, ವೈದ್ಯರ ಸೂಚನೆಯಂತೆ ಆಲ್ಜಿನೇಟ್ ಇಟ್ಟು, ಫೋಮ್ ಮುಚ್ಚಬೇಕು. ಕಡಲ ಪಾಚಿಯಿಂದ ಮಾಡಿದ ಆಲ್ಜಿನೇಟ್ ರಸ ಹೀರಿ ಜೆಲ್ ಆಗುತ್ತದೆ. ಮಗ್ಗುಲು ಬದಲಿಸದೆ ಒತ್ತಡ ಹಾಗೇ ಉಳಿದರೆ ಯಾವ ಡ್ರೆಸ್ಸಿಂಗೂ ಕೆಲಸ ಮಾಡದು.

ಕೆಲವು ದಿನಗಳ ಮೇಲೆ ಬಿಚ್ಚಿದಾಗ ಆಲ್ಜಿನೇಟ್ ಜೆಲ್ ಆಗದೆ, ಒಣ ನಾರಾಗಿ ತಳಕ್ಕೆ ಅಂಟಿರಬಹುದು. ಎಳೆಯಬೇಡಿ, ಹೊಸ ಮಾಂಸ ಕಿತ್ತು ಬರುತ್ತದೆ. ಸಲೈನಿನಲ್ಲಿ ನೆನೆಸಿ ಬಿಡಿಸಿ. ರಸ ಕಡಿಮೆಯಾಗಿದೆ ಎಂದು ಗಾಯವೇ ಹೇಳುತ್ತಿದೆ. ತಳ ಕೆಂಪಗಿದ್ದರೆ ಚಾರ್ಟಿನ ಮೂರನೇ ಸಾಲಿಗೆ ಬನ್ನಿ.

ಹೈಡ್ರೊಕೊಲಾಯ್ಡ್ ಹಾಕಿದ ಮೇಲೆ ಹೊಸಬರು ಬೆಚ್ಚುವುದು ಇನ್ನೊಂದಕ್ಕೆ. ತೆಗೆದಾಗ ಹಳದಿ ಲೋಳೆ, ಮೇಲೆ ವಾಸನೆ! ಅದು ಕೀವೇ ಆಗಿರಬೇಕಿಲ್ಲ, ಡ್ರೆಸ್ಸಿಂಗ್ ಕರಗಿ ಆಗುವ ಜೆಲ್ಲೂ ಹಾಗೇ ಇರುತ್ತದೆ. ತೊಳೆದ ಮೇಲೆ ಮತ್ತೆ ಮೂಸಿ, ನೋಡಿ. ವಾಸನೆ ಉಳಿದು, ನೋವು ಮತ್ತು ಕೆಂಪು ಹಬ್ಬುತ್ತಿದ್ದರೆ ಅದೇ ಡ್ರೆಸ್ಸಿಂಗ್ ಮತ್ತೆ ಅಂಟಿಸದೆ ವೈದ್ಯರನ್ನು ಕರೆಯಿರಿ.