ಐಸ್‌ಕ್ರೀಂ ಪಾರ್ಲರ್: ಡಬ್ಬಿಯ ತಳದಲ್ಲಿ ಕರಗುವ ಲಾಭ

ಗದಗ-ಬೆಟಗೇರಿಯಲ್ಲಾಗಲಿ, ಮುಂಡರಗಿ ಬಸ್‌ಸ್ಟ್ಯಾಂಡ್ ಹತ್ತಿರವಾಗಲಿ ಬೇಸಿಗೆಯಲ್ಲಿ ಐಸ್‌ಕ್ರೀಂಗೆ ಗಿರಾಕಿ ಇಲ್ಲ ಎನ್ನುವ ಮಾತೇ ಇಲ್ಲ. ಗಿರಾಕಿ ಇದ್ದೂ ತಿಂಗಳ ಕೊನೆಗೆ ಗಲ್ಲಾಪೆಟ್ಟಿಗೆ ಹಗುರಾಗಿದ್ದರೆ ಮೊದಲು ಫ್ರೀಜರ್‌ನ ಮುಚ್ಚಳ ತೆಗೆದು ನೋಡಬೇಕು.

1. ಎರಡು ಚಳಿ ಬೇಕು, ಒಂದಲ್ಲ

ದಾಸ್ತಾನು ಇಡುವ ಚಳಿ ಬೇರೆ, ಸ್ಕೂಪ್ ಹಾಕಿ ಮಾರುವ ಚಳಿ ಬೇರೆ. ದಾಸ್ತಾನು ಮೈನಸ್ 18 ಡಿಗ್ರಿ ಸೆಲ್ಸಿಯಸ್ ಅಥವಾ ಅದಕ್ಕಿಂತ ಕೆಳಗಿರಬೇಕು. ಮೈನಸ್ 20 ಇದ್ದರೆ ಇನ್ನೂ ಒಳ್ಳೆಯದು. ಆದರೆ ಆ ಚಳಿಯಲ್ಲಿ ಐಸ್‌ಕ್ರೀಂ ಕಲ್ಲಿನಂತಿರುತ್ತದೆ. ಹುಡುಗ ಮಣಿಕಟ್ಟು ನೋಯಿಸಿಕೊಂಡು ಕೆರೆಯುತ್ತಾನೆ, ಒಂದು ಸ್ಕೂಪ್ ದೊಡ್ಡದು ಬಂದರೆ ಇನ್ನೊಂದು ಪುಡಿಪುಡಿ ಬರುತ್ತದೆ. ಮಾರುವ ಡಬ್ಬಿಗೆ ಮೈನಸ್ 12ರಿಂದ ಮೈನಸ್ 14 ಸರಿ.

ಎರಡು ಫ್ರೀಜರ್ ಇದ್ದವರಿಗೆ ಇದು ಸುಲಭ. ಗಟ್ಟಿ ಮುಚ್ಚಳದ್ದು ಒಳಗೆ ದಾಸ್ತಾನಿಗೆ, ಗಾಜಿನ ಮುಚ್ಚಳದ್ದು ಮುಂದೆ ಮಾರಾಟಕ್ಕೆ. ನಾಳೆ ಮಾರುವ ಡಬ್ಬಿಯನ್ನು ಇಂದು ರಾತ್ರಿ ಅಂಗಡಿ ಮುಚ್ಚುವಾಗಲೇ ದಾಸ್ತಾನಿನಿಂದ ಮುಂದಿನ ಫ್ರೀಜರ್‌ಗೆ ದಾಟಿಸಬೇಕು. ನಾಲ್ಕು ಲೀಟರ್‌ನ ಡಬ್ಬಿಯ ನಡುಭಾಗ ಮೈನಸ್ 20ರಿಂದ ಮೈನಸ್ 13ಕ್ಕೆ ಬರಲು ಒಂದು ರಾತ್ರಿ ಹಿಡಿಯುತ್ತದೆ. ಅವಸರಕ್ಕೆ ಬಿದ್ದು ಕಟ್ಟೆಯ ಮೇಲೆ ಅರ್ಧ ತಾಸು ಇಟ್ಟರೆ ಅಂಚು ಕರಗಿ ನಡುವೆ ಕಲ್ಲು ಹಾಗೇ ಉಳಿಯುತ್ತದೆ.

ಶಿರಹಟ್ಟಿಯಂಥ ಊರಿನ ಸಣ್ಣ ಅಂಗಡಿಯಲ್ಲಿ ಒಂದೇ ಪೆಟ್ಟಿಗೆ ಫ್ರೀಜರ್ ಇರುವುದೇ ಹೆಚ್ಚು. ಅದಕ್ಕೂ ದಾರಿ ಉಂಟು. ಚಳಿಗಾಳಿ ಭಾರ, ತಳಕ್ಕೆ ಇಳಿಯುತ್ತದೆ. ಮೇಲಿನ ಸಾಲು ಯಾವಾಗಲೂ ಎರಡು ಮೂರು ಡಿಗ್ರಿ ಬಿಸಿ. ಹಾಗಾಗಿ ತಳಕ್ಕೆ ದಾಸ್ತಾನು, ಮೇಲಕ್ಕೆ ಮಾರುವ ಡಬ್ಬಿ. ಒಳಗಿನ ಗೋಡೆಯಲ್ಲಿ ತುಂಬುವ ಮಿತಿಯ ಗೆರೆ ಇರುತ್ತದೆ, ಅದರ ಮೇಲೆ ಏನನ್ನೂ ಪೇರಿಸಬಾರದು. ಗೆರೆ ದಾಟಿದ ಡಬ್ಬಿ ಫ್ರೀಜರ್ ಒಳಗಿದ್ದರೂ ಚಳಿಯ ಹೊರಗಿದೆ ಎಂದೇ ಲೆಕ್ಕ.

2. ಫ್ರೀಜರ್‌ನ ಅಂಕಿಯನ್ನು ನಂಬಬೇಡಿ

ಹೊರಗೆ ಕೆಂಪಗೆ ಹೊಳೆಯುವ ಅಂಕಿ ಹೇಳುವುದು ಸೆನ್ಸರ್ ಇರುವ ಜಾಗದ ಚಳಿಯನ್ನು, ಐಸ್‌ಕ್ರೀಂನದನ್ನಲ್ಲ. ಕಡ್ಡಿ ಇರುವ ಡಿಜಿಟಲ್ ಥರ್ಮಾಮೀಟರ್ ಒಂದನ್ನು ಕೊಂಡು ಬೆಳಿಗ್ಗೆ ಬಾಗಿಲು ತೆರೆದಾಗ, ಮಧ್ಯಾಹ್ನ ಮೂರಕ್ಕೆ, ರಾತ್ರಿ ಮುಚ್ಚುವ ಮೊದಲು ಎರಡು ಡಬ್ಬಿಗಳ ನಡುವೆ ಇಟ್ಟು ನೋಡಿ, ಗೋಡೆಯ ಕ್ಯಾಲೆಂಡರ್‌ನಲ್ಲೇ ಬರೆಯಿರಿ. ಒಂದು ವಾರ ಬರೆದರೆ ಮಧ್ಯಾಹ್ನದ ಅಂಕಿ ಏಕೆ ಏರುತ್ತದೆ ಎಂದು ನಿಮಗೇ ಹೊಳೆಯುತ್ತದೆ.

ಕಾರಣಗಳು ಸಾಮಾನ್ಯವಾಗಿ ನಾಲ್ಕೇ. ತಗಡಿನ ಮಾಡಿನ ಕೆಳಗೆ, ಪಶ್ಚಿಮದ ಬಿಸಿಲು ಬೀಳುವಲ್ಲಿ ಫ್ರೀಜರ್ ಇದೆ. ಹಿಂದೆ ಗೋಡೆಗೆ ಒತ್ತಿ ನಿಲ್ಲಿಸಿದ್ದಾರೆ, ಬಿಸಿಗಾಳಿ ಹೋಗಲು ಗೇಣು ಜಾಗವೂ ಇಲ್ಲ. ಕಂಡೆನ್ಸರ್ ಜಾಲರಿಯಲ್ಲಿ ಧೂಳು ತುಂಬಿದೆ. ಬೆಟಗೇರಿಯ ಮಗ್ಗದ ಓಣಿಗಳಲ್ಲಾದರೆ ನೂಲಿನ ಎಳೆಯೂ ಸೇರಿಕೊಳ್ಳುತ್ತದೆ, ಹದಿನೈದು ದಿನಕ್ಕೊಮ್ಮೆ ಸ್ವಿಚ್ ತೆಗೆದು ಒಣ ಬ್ರಶ್‌ನಿಂದ ಉಜ್ಜಬೇಕು. ನಾಲ್ಕನೆಯದು ಒಳಗೋಡೆಗೆ ಕಟ್ಟಿದ ಹಿಮ. ಅದು ಅರ್ಧ ಸೆಂಟಿಮೀಟರ್ ದಪ್ಪವಾಯಿತೆಂದರೆ ಚಳಿಗೂ ಡಬ್ಬಿಗೂ ನಡುವೆ ಕಂಬಳಿ ಹೊದಿಸಿದ ಹಾಗೆ. ಕರಗಿಸಿ ತೆಗೆಯಿರಿ, ಚಾಕುವಿನಿಂದ ಕೆತ್ತಬೇಡಿ, ಗ್ಯಾಸಿನ ಕೊಳವೆ ತೂತಾದರೆ ಸೀಸನ್ ಅಲ್ಲಿಗೇ ಮುಗಿಯಿತು. ಬೇಸಿಗೆಯಲ್ಲಿ ವೋಲ್ಟೇಜ್ ಬಿದ್ದಾಗ ಕಂಪ್ರೆಸರ್ ಗೊಣಗುತ್ತದೆ, ಹೊರಳುವುದಿಲ್ಲ. ಸ್ಟೆಬಿಲೈಸರ್ ಖರ್ಚನ್ನು ಉಳಿಸಲು ಹೋಗಬೇಡಿ.

3. ಕರಗಿ ಮತ್ತೆ ಗಟ್ಟಿಯಾದದ್ದನ್ನು ಗುರುತಿಸಲು ಕಲಿಯಿರಿ

ಐಸ್‌ಕ್ರೀಂನಲ್ಲಿ ಹಿಮದ ಹರಳುಗಳು ಇರುತ್ತವೆ, ನಾಲಿಗೆಗೆ ಸಿಗದಷ್ಟು ಸಣ್ಣವು. ಚಳಿ ಮೈನಸ್ 8ಕ್ಕೆ ಏರಿದಾಗ ಸಣ್ಣ ಹರಳು ಕರಗುತ್ತದೆ. ಮತ್ತೆ ಮೈನಸ್ 18ಕ್ಕೆ ಇಳಿದಾಗ ಆ ನೀರು ಹೊಸ ಸಣ್ಣ ಹರಳಾಗುವುದಿಲ್ಲ, ಪಕ್ಕದ ದೊಡ್ಡ ಹರಳಿಗೇ ಅಂಟಿಕೊಳ್ಳುತ್ತದೆ. ನಾಲ್ಕು ಸಲ ಹೀಗಾದರೆ ಗಿರಾಕಿ, “ಯಣ್ಣಾ, ಇದು ರವಾ ರವಾ ಆಗೇತಲ್ಲ,” ಅನ್ನುತ್ತಾನೆ. ಅವನ ಬಾಯಿಗೆ ಸಿಗುವ ಮೊದಲೇ ನಿಮ್ಮ ಕಣ್ಣಿಗೆ ಸಿಗಬೇಕು: ಮುಚ್ಚಳದ ಒಳಬದಿಗೆ ಹಿಮದ ಪುಡಿ, ಡಬ್ಬಿಯ ಗೋಡೆ ಬಿಟ್ಟು ಕುಗ್ಗಿದ ಐಸ್‌ಕ್ರೀಂ, ಮಟ್ಟ ಕೆಳಗೆ ಕುಸಿದಿರುವುದು, ತಳದಲ್ಲಿ ಅಂಟು ಪಾಕ ಹೆಪ್ಪುಗಟ್ಟಿರುವುದು. ಹುಬ್ಬಳ್ಳಿ ಕಡೆಯಿಂದ ಬಂದ ಗಾಡಿಯಲ್ಲೇ ಈ ಗುರುತು ಕಂಡರೆ ಇಳಿಸಿಕೊಳ್ಳಬೇಡಿ. ಸಹಿ ಹಾಕಿದ ಮೇಲೆ ನಷ್ಟ ನಿಮ್ಮದು.

4. ಸ್ಕೂಪ್ ಅದ್ದುವ ಮಗ್‌ ಅನ್ನು ಎತ್ತಿ ಬಿಸಾಡಿ

ಇಲ್ಲಿ ಸ್ವಲ್ಪ ನಿಲ್ಲಬೇಕು. ನಮ್ಮ ಕಡೆಯ ಹೆಚ್ಚಿನ ಪಾರ್ಲರ್‌ಗಳಲ್ಲಿ ಕೌಂಟರ್ ಮೇಲೆ ಒಂದು ಸ್ಟೀಲ್ ಮಗ್, ಅದರಲ್ಲಿ ಬೆಳ್ಳಗಾದ ನೀರು, ನೀರಿನಲ್ಲಿ ಸ್ಕೂಪ್. ಐಸ್‌ಕ್ರೀಂ ಹಾಳಾಗುವುದಕ್ಕೂ ಹೊಟ್ಟೆ ಕೆಡುವುದಕ್ಕೂ ಇದಕ್ಕಿಂತ ಒಳ್ಳೆಯ ಏರ್ಪಾಡು ಬೇರೆ ಬೇಕಿಲ್ಲ. ಆ ನೀರಿನಲ್ಲಿ ಹಾಲಿದೆ, ಸಕ್ಕರೆ ಇದೆ, ಏಪ್ರಿಲ್ ಮಧ್ಯಾಹ್ನದ ಬಿಸಿ ಇದೆ. ಇಂಥಲ್ಲಿ ಕೆಲವು ಬ್ಯಾಕ್ಟೀರಿಯಾ ಇಪ್ಪತ್ತು ನಿಮಿಷಕ್ಕೊಮ್ಮೆ ಇಮ್ಮಡಿಯಾಗಬಲ್ಲವು. ಮಧ್ಯಾಹ್ನ ಒಂದಕ್ಕೆ ತುಂಬಿದ ನೀರು ಐದರವರೆಗೆ ಹಾಗೇ ಇದ್ದರೆ ಹನ್ನೆರಡು ಇಮ್ಮಡಿ; ಒಂದು ಇದ್ದದ್ದು ನಾಲ್ಕು ಸಾವಿರ ದಾಟುತ್ತದೆ. ಆಮೇಲೆ ಅದೇ ಸ್ಕೂಪ್ ಡಬ್ಬಿಗೆ ಇಳಿಯುತ್ತದೆ. ಚಳಿ ಅವುಗಳನ್ನು ಕೊಲ್ಲುವುದಿಲ್ಲ, ಮಲಗಿಸುತ್ತದೆ ಅಷ್ಟೇ. ಅಮೆರಿಕದಲ್ಲಿ 2015ರಲ್ಲಿ ಬ್ಲೂ ಬೆಲ್ ಕಂಪನಿಯ ಐಸ್‌ಕ್ರೀಂನಲ್ಲಿ ಲಿಸ್ಟೀರಿಯಾ ಸಿಕ್ಕಿ, ಕಾಯಿಲೆ ಬಿದ್ದ ಹತ್ತು ಜನರಲ್ಲಿ ಮೂವರು ಸತ್ತರು. ಅಲ್ಲಿ ಕೊಳೆ ಇದ್ದದ್ದು ಕಾರ್ಖಾನೆಯಲ್ಲಿ, ಸ್ಕೂಪ್‌ನಲ್ಲಲ್ಲ. ಆದರೆ ಹೆಪ್ಪುಗಟ್ಟಿದ್ದರಲ್ಲಿ ರೋಗಾಣು ಬದುಕುವುದಿಲ್ಲ ಎಂದು ತಿಳಿದವರಿಗೆ ಅದೊಂದು ಸಾಕ್ಷಿ.

ದೊಡ್ಡ ನಗರದ ಅಂಗಡಿಗಳಲ್ಲಿ ಸ್ಕೂಪ್‌ಗೆ ಸದಾ ಹರಿಯುವ ನೀರಿನ ಪುಟ್ಟ ತೊಟ್ಟಿ ಇರುತ್ತದೆ. ನಳ ದಿನಾ ಬಾರದ ಗದಗ-ಬೆಟಗೇರಿಯಲ್ಲಿ ಅದನ್ನು ಹೇಳಿದರೆ ಜನ ನಗುತ್ತಾರೆ, ನಗುವುದೂ ಸರಿ. ನಮಗೆ ಹೊಂದುವುದು ಒಣ ಪದ್ಧತಿ. ಎಂಟು ರುಚಿ ಮಾರುವವರು ಹತ್ತು ಹನ್ನೆರಡು ಸ್ಕೂಪ್ ಇಟ್ಟುಕೊಳ್ಳಿ, ರುಚಿಗೊಂದು. ಬಳಸುವ ನಡುವೆ ಸ್ಕೂಪ್‌ನ ಹಿಡಿ ಮೇಲಿರುವ ಹಾಗೆ ಅದದರ ಡಬ್ಬಿಯಲ್ಲೇ ಇರಲಿ, ಇಲ್ಲವೇ ಮುಚ್ಚಳವಿರುವ ಒಣ ಸ್ಟೀಲ್ ಡಬ್ಬಿಯಲ್ಲಿರಲಿ. ಒಣ ಡಬ್ಬಿಯಲ್ಲಿಟ್ಟದ್ದನ್ನು ಹೆಚ್ಚೆಂದರೆ ಎರಡು ಮೂರು ತಾಸಿಗೊಮ್ಮೆ ತೊಳೆದದ್ದಕ್ಕೆ ಬದಲಿಸಿ. ತೊಳೆಯುವುದು ಹೀಗೆ: ಮೊದಲು ತಣ್ಣೀರಿನಲ್ಲಿ ಹಾಲು ಬಿಡಿಸಿ, ಆಮೇಲೆ ಸೋಪು, ಆಮೇಲೆ ಕುದಿನೀರು, ಕೊನೆಗೆ ಜಾಲರಿ ಬುಟ್ಟಿಯಲ್ಲಿ ಬೋರಲು ಹಾಕಿ ಒಣಗಿಸುವುದು. ಅರಿವೆಯಿಂದ ಒರೆಸಬೇಡಿ, ಕೌಂಟರ್ ಒರೆಸಿದ ಅರಿವೆಯೇ ಅದೂ ಆಗಿರುತ್ತದೆ. ಹಿಡಿಯೊಳಗೆ ದ್ರವ ತುಂಬಿದ ಅಲ್ಯೂಮಿನಿಯಂ ಸ್ಕೂಪ್ ಇದ್ದರೆ ಅದಕ್ಕೆ ಕುದಿನೀರು ಆಗದು, ಉಗುರುಬೆಚ್ಚಗಿನ ನೀರೂ ಆಹಾರದ ಪಾತ್ರೆಗೆಂದೇ ಮಾರುವ ಸ್ಯಾನಿಟೈಸರೂ ಸಾಕು.

ಕಾಜು, ಪಿಸ್ತಾ, ಬಾದಾಮಿ ಇರುವ ರುಚಿಗಳ ಸ್ಕೂಪ್ ಬೇರೆಯೇ ಇರಲಿ, ಹಿಡಿಗೆ ಬಣ್ಣದ ಟೇಪ್ ಸುತ್ತಿ. ಒಗ್ಗದವರಿಗೆ ಒಂದು ಚೂರೂ ಅಪಾಯ.

ನೀರಿನ ಸ್ಕೂಪ್‌ನಿಂದ ಇನ್ನೊಂದು ನಷ್ಟವಿದೆ, ಹೆಚ್ಚಿನವರು ಗಮನಿಸದ್ದು. ಅದರಿಂದ ತೊಟ್ಟಿಕ್ಕಿದ ಹನಿಗಳು ಡಬ್ಬಿಯ ಮೇಲೆ ಗಾಜಿನಂಥ ಪದರಾಗಿ ಕೂರುತ್ತವೆ. ಸಂಜೆಗೆ ಆ ಪದರನ್ನು ಕೆರೆದು ಬಿಸಾಡುವಾಗ ಐಸ್‌ಕ್ರೀಂ ಕೂಡ ಜೊತೆಗೆ ಹೋಗುತ್ತದೆ.

5. ತಕ್ಕಡಿಯಲ್ಲಿ ನೋಡಿ, ಕಣ್ಣಳತೆಯಲ್ಲಲ್ಲ

ಐಸ್‌ಕ್ರೀಂ ಬರುವುದು ಲೀಟರ್ ಲೆಕ್ಕದಲ್ಲಿ, ಅದರಲ್ಲಿ ಗಾಳಿ ಸೇರಿರುತ್ತದೆ. ಸ್ಕೂಪ್ ಒತ್ತಿದಾಗ ಗಾಳಿ ಹೋಗಿ ಗಾತ್ರ ಕುಗ್ಗುತ್ತದೆ. ನಾಲ್ಕು ಲೀಟರ್ ಡಬ್ಬಿಯಿಂದ 60 ಮಿಲಿಲೀಟರ್‌ನ ಅರವತ್ತಾರು ಸ್ಕೂಪ್ ಬರುತ್ತದೆ ಎಂದು ಲೆಕ್ಕ ಹಾಕಿದವರು ಅದಕ್ಕೇ ಸೋಲುತ್ತಾರೆ. ತೂಕದಲ್ಲಿ ಹಿಡಿಯಿರಿ.

ಲಕ್ಷ್ಮೇಶ್ವರ ಬಜಾರಿನಲ್ಲಿ ಒಂದು ಅಂಗಡಿ ಇದೆ ಎಂದುಕೊಳ್ಳಿ. ಒಂದು ಡಬ್ಬಿಯ ಐಸ್‌ಕ್ರೀಂ 2,200 ಗ್ರಾಂ, ಕೊಂಡ ಬೆಲೆ 600 ರೂಪಾಯಿ, ಸ್ಕೂಪಿಗೆ 30 ರೂಪಾಯಿ. 45 ಗ್ರಾಂನಂತೆ ಹಾಕಿದರೆ 48 ಸ್ಕೂಪ್ ಬರುತ್ತವೆ. ಹುಡುಗ ಕೈ ಸಡಿಲ ಬಿಟ್ಟು 55 ಗ್ರಾಂ ಹಾಕಿದರೆ 40. ಡಬ್ಬಿಗೆ ಎಂಟು ಸ್ಕೂಪ್, ಅಂದರೆ 240 ರೂಪಾಯಿ ಕೈತಪ್ಪಿತು. ತಳಕ್ಕೂ ಅಂಚಿಗೂ ಅಂಟಿ ಪಾಕವಾದ 130 ಗ್ರಾಂ ಬಿಸಾಡಿದರೆ ಇನ್ನೂ ಮೂರು ಸ್ಕೂಪ್ ಹೋದಂತೆ. ವಾರಕ್ಕೆ ಹತ್ತು ಡಬ್ಬಿ ಖರ್ಚಾಗುವ ಅಂಗಡಿಯಲ್ಲಿ ಇವೆರಡೂ ಸೇರಿ 3,300 ರೂಪಾಯಿ. ಹಾಗಂತ ಹುಡುಗನನ್ನು ಬೈಯುವ ಮೊದಲು ಡಬ್ಬಿಯ ಚಳಿ ನೋಡಿ: ಮೈನಸ್ 9ರಲ್ಲಿ ಮೆತ್ತಗಾದ ಐಸ್‌ಕ್ರೀಂ ಸ್ಕೂಪ್‌ನಲ್ಲಿ ಒತ್ತಿಕೊಂಡು ತಾನೇ ಹೆಚ್ಚು ತೂಗುತ್ತದೆ.

ಅಂಚಿನಿಂದ ಶುರುಮಾಡಿ ಮೇಲ್ಮೈಯನ್ನು ಸಮನಾಗಿ ಇಳಿಸುತ್ತ ಬಂದರೆ ನಡುವೆ ಬಾವಿ ಆಗುವುದಿಲ್ಲ, ಗೋಡೆಗೆ ಅಂಟಿದ್ದು ಒಣಗುವುದಿಲ್ಲ. ಕಾಲು ಭಾಗ ಉಳಿದಾಗ ಮುಂದಿನ ಡಬ್ಬಿಯನ್ನು ಪಕ್ಕಕ್ಕೆ ತಂದಿಡಿ.

6. ಬಿಸಾಡಿದ್ದನ್ನೂ ಬರೆಯಿರಿ

ದಿನಾಂಕ, ರುಚಿ, ತೂಕ, ಕಾರಣ. ಅಷ್ಟೇ ಸಾಕು. ಕಾರಣದ ಸಾಲಿನಲ್ಲಿ “ಕರೆಂಟ್” ಎಂದೇ ತುಂಬಿದ್ದರೆ ಮುಂದಿನ ಸೂತ್ರ ಓದಿ. “ಸೀತಾಫಲ ಹೋಗಲಿಲ್ಲ” ಎಂದೇ ಇದ್ದರೆ ಸೀತಾಫಲ ತರಿಸುವುದು ನಿಲ್ಲಿಸಿ. ಸಣ್ಣ ಊರಿಗೆ ಹದಿನಾರು ರುಚಿ ಬೇಕಿಲ್ಲ.

7. ಕರೆಂಟ್ ಹೋದಾಗ ಉಪ್ಪಿನ ಬಾಟಲಿ

ಫ್ರೀಜರ್‌ನ ಖಾಲಿ ಜಾಗದಲ್ಲಿ ನೀರಿನ ಬಾಟಲಿ ಹೆಪ್ಪುಗಟ್ಟಿಸಿ ಇಡುವವರಿದ್ದಾರೆ. ಮನೆಯ ತರಕಾರಿಗೆ ಅದು ಸರಿ, ಐಸ್‌ಕ್ರೀಂಗೆ ಅಷ್ಟು ಪ್ರಯೋಜನವಿಲ್ಲ. ಸಾದಾ ಹಿಮ ಕರಗುವುದು ಸೊನ್ನೆ ಡಿಗ್ರಿಯಲ್ಲಿ; ಅಷ್ಟು ಹೊತ್ತಿಗೆ ನಿಮ್ಮ ವೆನಿಲಾ ಹಾಲಾಗಿರುತ್ತದೆ. 850 ಮಿಲಿಲೀಟರ್ ನೀರಿಗೆ 150 ಗ್ರಾಂ ಅಡುಗೆ ಉಪ್ಪು ಕರಗಿಸಿ, ಬಾಟಲಿಯಲ್ಲಿ ಮೇಲೆ ಸ್ವಲ್ಪ ಜಾಗ ಬಿಟ್ಟು ತುಂಬಿ. ಇದು ಮೈನಸ್ 11ರ ಸುಮಾರಿಗೆ ಹೆಪ್ಪುಗಟ್ಟಲು ಶುರುವಾಗುತ್ತದೆ. ಮೈನಸ್ 20ರಲ್ಲೂ ಪೂರ್ತಿ ಕಲ್ಲಾಗದೆ ಅರೆಬರೆ ಗಂಜಿಯಂತಿರುತ್ತದೆ, ಕೆಟ್ಟಿದೆ ಎಂದು ಎಸೆಯಬೇಡಿ. ಕರೆಂಟ್ ಹೋದಾಗ ಅದು ಕರಗುತ್ತ ಬಿಸಿಯನ್ನು ಹೀರುವುದು ಐಸ್‌ಕ್ರೀಂಗೆ ಬೇಕಾದ ಮಟ್ಟದಲ್ಲೇ.

ಜೊತೆಗೆ ಗಾಜಿನ ಮುಚ್ಚಳದ ಮೇಲೆ ದಪ್ಪ ಕೌದಿ ಹೊದಿಸಿ, ಮಾರಾಟವನ್ನು ಒಂದೇ ಪೆಟ್ಟಿಗೆಯಿಂದ ಮಾಡಿ, ಇನ್ನೊಂದನ್ನು ತೆರೆಯಲೇಬೇಡಿ. ಕರೆಂಟ್ ಬಂದ ಮೇಲೆ ಕಡ್ಡಿ ಚುಚ್ಚಿ ನೋಡಿ. ಮೈನಸ್ 10ಕ್ಕಿಂತ ಕೆಳಗಿದ್ದರೆ ಚಿಂತೆಯಿಲ್ಲ. ಮೆತ್ತಗಾಗಿ ಇನ್ನೂ ಹಿಮದ ತಣ್ಣಗೆ ಇದ್ದರೆ ಆ ತಾಸಿನಲ್ಲೇ ಮಿಲ್ಕ್‌ಶೇಕ್ ಮಾಡಿ ಮಾರಿ. ನೀರಾಗಿ ತಂಪು ಬಿಟ್ಟಿದ್ದರೆ ಚರಂಡಿಗೆ. ಮತ್ತೆ ಗಟ್ಟಿ ಮಾಡಿ ಮಾರಬೇಡಿ.

8. ಜಾತ್ರೆಯ ಲೆಕ್ಕ ಬೇರೆ

ಗದಗದ ತೋಂಟದಾರ್ಯ ಮಠದ ಜಾತ್ರೆ, ಶಿರಹಟ್ಟಿಯ ಫಕ್ಕೀರೇಶ್ವರ ಜಾತ್ರೆ ಎರಡೂ ಬಿರುಬೇಸಿಗೆಯಲ್ಲೇ ಬರುತ್ತವೆ. ಗುಂಪು ಏರಿದಾಗ ಮುಚ್ಚಳ ಮುಚ್ಚಲು ಪುರುಸೊತ್ತು ಸಿಗುವುದಿಲ್ಲ, ಮಾರುವ ಫ್ರೀಜರ್ ಮೈನಸ್ 7ಕ್ಕೆ ಏರಿದರೂ ಆಶ್ಚರ್ಯವಿಲ್ಲ. ಆ ದಿನ ಸ್ಕೂಪ್ ಕಡಿಮೆ ಮಾಡಿ ಕಪ್, ಕ್ಯಾಂಡಿ, ಕೋನ್ ಹೆಚ್ಚು ಇಡಿ. ತೆರೆದ ಡಬ್ಬಿ ಎರಡೋ ಮೂರೋ ಸಾಕು. ಅಂಗಡಿಯಿಂದ ಜಾತ್ರೆಗೆ ಒಯ್ಯುವ ಥರ್ಮಾಕೋಲ್ ಪೆಟ್ಟಿಗೆಯನ್ನು ಹಿಂದಿನ ರಾತ್ರಿ ಫ್ರೀಜರ್‌ನಲ್ಲೇ ಇಟ್ಟು ತಣ್ಣಗೆ ಮಾಡಿ, ಉಪ್ಪಿನ ಬಾಟಲಿಗಳನ್ನು ಮೇಲ್ಗಡೆ ಜೋಡಿಸಿ, ಪೂರ್ತಿ ತುಂಬಿಯೇ ಒಯ್ಯಿರಿ. ಅರ್ಧ ಖಾಲಿ ಪೆಟ್ಟಿಗೆ ಬೇಗ ಸೋಲುತ್ತದೆ. ಮಾರಿ ಉಳಿದ ಕಪ್‌ಗಳನ್ನು ರಾತ್ರಿ ತಂದು ದಾಸ್ತಾನಿನಲ್ಲಿ ಬೆರೆಸದೆ ಬೇರೆ ಬುಟ್ಟಿಯಲ್ಲಿಟ್ಟು, ಬೆಳಿಗ್ಗೆ ಒಂದನ್ನು ಒಡೆದು ನೀವೇ ತಿಂದು ನೋಡಿ.